ಎನ್‌ಪಿಎ ಹಳೆಯದಾದಂತೆ ಬ್ಯಾಂಕಿನ ಮೀಸಲು ಏಕೆ ಹೆಚ್ಚುತ್ತದೆ?

ಪ್ರಶ್ನೆ: ಸಾಲ ಎನ್‌ಪಿಎ, ಅಂದರೆ ಮರುಪಾವತಿ ನಿಂತುಹೋದ ಸಾಲ, ಎನಿಸಿದ ಮೇಲೆ ಬ್ಯಾಂಕು ಎಷ್ಟು ಹಣ ತೆಗೆದಿಡಬೇಕು? ವರ್ಷ ಕಳೆದಂತೆ ಅದು ಏಕೆ ಏರುತ್ತದೆ?

ಉತ್ತರ: ಒಂದು ವ್ಯಾಪಾರದ ಸಾಲ ನೋಡೋಣ. ಬಾಕಿ 10 ಲಕ್ಷ ರೂಪಾಯಿ, ಅಡವಿಟ್ಟ ಮಳಿಗೆಯ ಬೆಲೆ 6 ಲಕ್ಷ. 2021ರ ಮಾರ್ಚ್ 31ರ ಕಂತು ಬರಲಿಲ್ಲ. ಆಮೇಲೂ ಏನೂ ಬರದಿದ್ದರೆ ಜೂನ್ 29ರ ದಿನದ ಲೆಕ್ಕ ಮುಗಿಸುವಾಗ, ರಿಸರ್ವ್ ಬ್ಯಾಂಕಿನ 90 ದಿನಗಳ ನಿಯಮದಂತೆ ಅದು ಎನ್‌ಪಿಎ. ಕಂತು ಮಾತ್ರವಲ್ಲ, ಇಡೀ 10 ಲಕ್ಷವೂ.

ಮೊದಲ ಹನ್ನೆರಡು ತಿಂಗಳು ಇದು ‘ಸಬ್‌ಸ್ಟ್ಯಾಂಡರ್ಡ್’. ಒಟ್ಟು ಬಾಕಿಯ ಶೇ 15, ಅಂದರೆ 1.5 ಲಕ್ಷವನ್ನು ಬ್ಯಾಂಕು ತನ್ನ ಲಾಭದಿಂದ ತೆಗೆದಿಡುತ್ತದೆ.

ನಿಜವಾದ ಪೆಟ್ಟು ಬೀಳುವುದು 2022ರ ಜೂನ್‌ನಲ್ಲಿ, ಸಾಲ ‘ಸಂದೇಹಾಸ್ಪದ’ವಾದಾಗ. ಆಗ ಅಡಮಾನದ ಬೆಂಬಲವಿಲ್ಲದ 4 ಲಕ್ಷಕ್ಕೆ ಪೂರ್ತಿ ಮೀಸಲು ಬೇಕು. ಉಳಿದ 6 ಲಕ್ಷಕ್ಕೆ ಶೇ 25. ಮೊತ್ತ ಒಮ್ಮೆಲೇ 5.5 ಲಕ್ಷಕ್ಕೆ ಜಿಗಿಯುತ್ತದೆ. ಮತ್ತೊಂದು ವರ್ಷದ ನಂತರ ಆ 6 ಲಕ್ಷದ ಮೇಲೆ ಶೇ 40, ಒಟ್ಟು 6.4 ಲಕ್ಷ. ಸಂದೇಹಾಸ್ಪದವಾಗಿ ಮೂರು ವರ್ಷ ದಾಟಿದರೆ, ಮಳಿಗೆ ಇನ್ನೂ ಅಲ್ಲೇ ನಿಂತಿದ್ದರೂ, ಪೂರ್ತಿ 10 ಲಕ್ಷ. ಬಾಗಿಲು ಹಾಕಿದ ಮಳಿಗೆಯನ್ನು ಹರಾಜಿಗೆ ತರುವುದು ತಡವಾದಷ್ಟೂ ಕೈಗೆ ಬರುವ ಹಣ ಕಡಿಮೆ ಎಂಬ ಅನುಭವವೇ ಈ ಏರಿಕೆಗೆ ಕಾರಣ.

ವಯಸ್ಸೊಂದೇ ಅಳತೆಯಲ್ಲ. ಅಡಮಾನದ ಬೆಲೆ ಹಿಂದೆ ಅಂದಾಜಿಸಿದ್ದರ ಅರ್ಧಕ್ಕಿಂತ ಕೆಳಗಿಳಿದರೆ, ವರ್ಷ ಕಾಯದೆ ಸಾಲವನ್ನು ನೇರವಾಗಿ ಸಂದೇಹಾಸ್ಪದಕ್ಕೆ ಸೇರಿಸಬೇಕು. ಸಾಲಗಾರ ಒಂದೆರಡು ಕಂತು ಕಟ್ಟಿದರೆ ಎನ್‌ಪಿಎ ಹಣೆಪಟ್ಟಿ ಹೋಗುವುದಿಲ್ಲ. ಅಸಲು, ಬಡ್ಡಿಯ ಹಳೆಯ ಬಾಕಿಯೆಲ್ಲ ತೀರಬೇಕು.