ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಬಂದ 🙂 ಮತ್ತು 🙄: ಯಾವುದು ಕೊಂಕು, ಯಾವುದು ಅಲ್ಲ?

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ನಾನು ಕಾರ್ಯದರ್ಶಿ. ಮೊನ್ನೆ ರಾತ್ರಿ 10 ಗಂಟೆಗೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ "ನಾಳೆಯಿಂದ ನೀರು ಬೆಳಿಗ್ಗೆ 6ರಿಂದ 8ರ ವರೆಗೆ ಮಾತ್ರ. ಎಲ್ಲರೂ ಸಹಕರಿಸಬೇಕು 🙂" ಎಂದು ಹಾಕಿದೆ. ಮೂರನೇ ಮಹಡಿಯ ಒಬ್ಬರು "ಇಷ್ಟು ಮುಂಚಿತವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು 🙂" ಎಂದರು. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು "ಒಳ್ಳೆಯದು 🙂" ಎಂದರು. ಇನ್ನೊಬ್ಬರು ಏನೂ ಬರೆಯದೆ ನನ್ನ ಮೆಸೇಜಿನ ಮೇಲೆ 🙄 ಒತ್ತಿದರು. ಇದೆಲ್ಲ ಕೊಂಕೋ ಅಥವಾ ನನ್ನ ಭ್ರಮೆಯೋ? ಏನೆಂದು ಉತ್ತರಿಸಲಿ?

ಉತ್ತರ: ಮೂರನೇ ಮಹಡಿಯವರದು ಕೊಂಕು, ಅದರಲ್ಲಿ ನನಗೆ ಸಂಶಯವಿಲ್ಲ. ನಿವೃತ್ತ ಮ್ಯಾನೇಜರರದು ಬಹುಮಟ್ಟಿಗೆ ಕೊಂಕಲ್ಲ. 🙄 ಒತ್ತಿದವರು ಬೇಸರಗೊಂಡಿರುವುದು ನಿಜ, ಆದರೆ ಆ ಬೇಸರ ನಿಮ್ಮ ಮೇಲೆಯೋ ನೀರಿನ ಮೇಲೆಯೋ ಎಂಬುದನ್ನು ಆ ಚಿತ್ರವೊಂದನ್ನೇ ನೋಡಿ ಹೇಳಲಾಗದು. ನಾನು ಉಡುಪಿಯ ಕಾಲೇಜೊಂದರಲ್ಲಿ ಭಾಷೆ ಮತ್ತು ಸಂವಹನವನ್ನು ಕಲಿಸುವವನು. ಚಾಟ್‌ಗಳಲ್ಲಿ ನಡೆಯುವ ಇಂಥ ಮುಸುಕಿನ ಗುದ್ದಾಟವನ್ನು ವಿದ್ಯಾರ್ಥಿಗಳ ಜೊತೆ ಕುಳಿತು ಬಿಡಿಸಿ ನೋಡುವುದು ನನ್ನ ಪಾಠದ ಒಂದು ಭಾಗವೇ ಆಗಿರುವುದರಿಂದ, ಈ ತೀರ್ಮಾನಕ್ಕೆ ಹೇಗೆ ಬಂದೆ ಎಂಬುದನ್ನು ವಿವರಿಸುತ್ತೇನೆ.

ಮೊದಲು ಎಮೋಜಿಯನ್ನು ಬೆರಳಿನಿಂದ ಮುಚ್ಚಿ ಮಾತನ್ನಷ್ಟೇ ಓದಿ. "ಇಷ್ಟು ಮುಂಚಿತವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು." ನೀವು ತಿಳಿಸಿದ್ದು ರಾತ್ರಿ 10ಕ್ಕೆ, ನೀರು ನಿಲ್ಲುವುದು ಮರುದಿನ ಬೆಳಿಗ್ಗೆ 8ಕ್ಕೆ; ನಡುವೆ ಇರುವುದು 10 ಗಂಟೆಯ ಅವಧಿ, ಅದರಲ್ಲಿ ಹೆಚ್ಚಿನ ಪಾಲು ನಿದ್ದೆಯದು. ಮಾತಿನ ಅರ್ಥಕ್ಕೂ ಕಣ್ಣೆದುರಿನ ಸಂಗತಿಗೂ ಇಷ್ಟು ನೇರವಾದ ವಿರೋಧ ಇರುವಾಗ ಕೊಂಕು ಆ ಮಾತಿನಲ್ಲೇ ಪೂರ್ತಿಯಾಗಿದೆ, ಅದಕ್ಕೆ ಎಮೋಜಿಯ ನೆರವು ಬೇಕಾಗಿಯೇ ಇಲ್ಲ. ಇದೇ ಸೂಚನೆಯನ್ನು ನೀವು ಮೂರು ದಿನ ಮೊದಲು ಹಾಕಿದ್ದರೆ, ಇದೇ ವಾಕ್ಯ, ಇದೇ 🙂 ನಿಜವಾದ ಕೃತಜ್ಞತೆಯಾಗುತ್ತಿತ್ತು. ಹೆಚ್ಚಿನವರು ಎಡವುವುದು ಇಲ್ಲಿಯೇ: ಮುಖದ ಚಿತ್ರವನ್ನು ದಿಟ್ಟಿಸಿ ನೋಡಿ ಅದರಲ್ಲಿ ಅರ್ಥ ಹುಡುಕುತ್ತಾರೆ, ವಾಕ್ಯವನ್ನು ಸಂಗತಿಯ ಜೊತೆ ತಾಳೆ ಹಾಕಿ ನೋಡುವುದಿಲ್ಲ.

ಹಾಗಾದರೆ ಆ 🙂 ಅಲ್ಲಿ ಏನು ಮಾಡುತ್ತಿದೆ? ಅದು ಬರೆದವರಿಗೆ ರಕ್ಷಣೆ ಕೊಡುತ್ತಿದೆ. ನಾಳೆ ನೀವು "ಯಾಕೆ ಹೀಗೆ ಕುಟುಕಿದಿರಿ" ಎಂದು ಕೇಳಿದರೆ, "ಅಯ್ಯೋ, ನಾನು ಥ್ಯಾಂಕ್ಸ್ ಹೇಳಿದ್ದು ಮಾರಾಯ್ರೆ, ನಗುವಿನ ಚಿತ್ರ ಬೇರೆ ಹಾಕಿದ್ದೇನಲ್ಲ" ಎನ್ನಲು ದಾರಿ ತೆರೆದಿರುತ್ತದೆ. ಬಾಯಿಬಿಟ್ಟು ಜಗಳವಾಡದೆ, ಹಾಗೆಂದು ಸುಮ್ಮನೂ ಇರದೆ, ಎದುರಿನವರಿಗೆ ಚುಚ್ಚಿ ತಾನು ಚುಚ್ಚಿಲ್ಲವೆಂದು ನಿಲ್ಲಬಲ್ಲ ಸಿಟ್ಟಿಗೆ ಇದಕ್ಕಿಂತ ಅನುಕೂಲವಾದ ಸಾಧನ ಇಲ್ಲ. 🙄 ಹಾಗಲ್ಲ, ಅದನ್ನು ಹಾಕಿದವರು ತಾವು ಸಂತೋಷದಿಂದ ಇದ್ದೆವೆಂದು ವಾದಿಸಲಾರರು. ಆ ದೃಷ್ಟಿಯಿಂದ ಕಣ್ಣು ಹೊರಳಿಸುವವರು ನಗುವವರಿಗಿಂತ ಹೆಚ್ಚು ಪ್ರಾಮಾಣಿಕರು ಎಂಬುದು ನನ್ನ ಅಭಿಪ್ರಾಯ.

ಈ ನಗು ಬಲವಂತದ್ದಾಗಿ ಕಾಣುವುದಕ್ಕೆ ಅದರ ರಚನೆಯಲ್ಲೂ ಕಾರಣವಿದೆ. ಮನಸಾರೆ ನಗುವಾಗ ತುಟಿಯ ಅಂಚುಗಳು ಮೇಲೇರುವುದರ ಜೊತೆಗೆ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯಾಗಿ, ಕೆನ್ನೆ ಉಬ್ಬಿ, ಕಣ್ಣು ಕಿರಿದಾಗುತ್ತದೆ. ಫ್ರಾನ್ಸಿನ ವೈದ್ಯ ಡ್ಯುಷೆನ್ 1862ರಲ್ಲಿಯೇ ಈ ವ್ಯತ್ಯಾಸವನ್ನು ಗುರುತಿಸಿದ್ದರು. ತುಟಿಯನ್ನು ಬೇಕೆಂದಾಗ ಎಳೆಯಬಹುದು, ಕಣ್ಣಿನ ಆ ಸ್ನಾಯುವನ್ನು ಬೇಕೆಂದಾಗ ಕುಣಿಸುವುದು ಕಷ್ಟ ಎಂಬುದು ಅವರ ವಾದ. ಈಗ 😊 ಮತ್ತು 🙂 ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಮೊದಲನೆಯದರಲ್ಲಿ ಕಣ್ಣು ಬಾಗಿದೆ, ಕೆನ್ನೆ ಕೆಂಪಾಗಿದೆ. ಎರಡನೆಯದರಲ್ಲಿ ತುಟಿಯೊಂದೇ ಬಾಗಿದೆ, ಕಣ್ಣುಗಳು ಎರಡು ಚುಕ್ಕೆಗಳಾಗಿ ನಿಮ್ಮನ್ನೇ ನೋಡುತ್ತಿವೆ. ಇದನ್ನು 2014ರಲ್ಲಿ ಯೂನಿಕೋಡ್‌ಗೆ ಸೇರಿಸಿದಾಗ ಕೊಟ್ಟ ಹೆಸರೂ ಅಲ್ಪವಾಗಿ ನಗುವ ಮುಖ ಎಂದೇ. ಹತ್ತಾರು ನಗುಗಳು ಕೈಗೆಟುಕುವಂತಿರುವಾಗ ಒಬ್ಬರು ಅತ್ಯಂತ ಕಡಿಮೆ ನಗುವನ್ನೇ ಆರಿಸಿಕೊಂಡರೆ, ಆ ಜಿಪುಣತನವೇ ಒಂದು ಮಾತಾಗಿ ಕೇಳಿಸುತ್ತದೆ.

ಆದರೆ ಹೀಗೆ ಕೇಳಿಸುವುದು ಆ ಹತ್ತಾರನ್ನೂ ಬಳಸುವವರಿಗೆ ಮಾತ್ರ. ನಿಮ್ಮ ನಿವೃತ್ತ ಮ್ಯಾನೇಜರರ ವಿಷಯದಲ್ಲಿ ನಾನು ಬೇರೆ ನಿರ್ಣಯಕ್ಕೆ ಬಂದದ್ದು ಇದೇ ಕಾರಣಕ್ಕೆ. ವಯಸ್ಸಾದ ಅನೇಕರಿಗೆ 🙂 ಎಂಬುದು ಪತ್ರದ ಕೊನೆಯ "ಇಂತಿ" ಇದ್ದ ಹಾಗೆ, ಮಾತು ಮುಗಿಯಿತು, ಮನಸ್ಸಿನಲ್ಲಿ ಏನೂ ಇಲ್ಲ ಎಂದಷ್ಟೇ ಅದರ ಅರ್ಥ. ವಾಕ್ಯದ ಜೊತೆಗೆ ಬಂದ ಎಮೋಜಿ ಅಕ್ಷರದಷ್ಟೇ ಚಿಕ್ಕದಾಗಿ ಕಾಣುವುದರಿಂದ, ಕನ್ನಡಕವಿಲ್ಲದೆ ನೋಡಿದರೆ 🙂 ಯಾವುದು, 😊 ಯಾವುದು ಎಂದು ಬೇರ್ಪಡಿಸುವುದೂ ಸುಲಭವಲ್ಲ. ಗ್ರೂಪಿನಲ್ಲಿ ಅವರ ಹೆಸರಿನ ಹಳೆಯ ಮೆಸೇಜುಗಳನ್ನು ಹುಡುಕಿ ನೋಡಿ. ಮೊಮ್ಮಗಳ ಹುಟ್ಟುಹಬ್ಬಕ್ಕೂ ಲಿಫ್ಟ್ ರಿಪೇರಿಯ ಸುದ್ದಿಗೂ ಅವರು ಇದೇ 🙂 ಹಾಕಿದ್ದರೆ, ನಿಮ್ಮ ನೀರಿನ ಸೂಚನೆಗೆ ಬಂದದ್ದರಲ್ಲಿ ವಿಶೇಷವೇನೂ ಇಲ್ಲ. ಯಾವತ್ತೂ ಎಮೋಜಿಯನ್ನೇ ಹಾಕದವರು ಅಂದು ಮಾತ್ರ ಹಾಕಿದ್ದರೆ ಆಗ ಯೋಚಿಸಬೇಕು.

ನಮ್ಮ ಕರಾವಳಿಯಲ್ಲಿ ಎಮೋಜಿಗಿಂತ ಹೆಚ್ಚು ನಂಬಬಹುದಾದ ಇನ್ನೊಂದು ಸುಳಿವಿದೆ, ಅದು ಭಾಷೆಯ ಬದಲಾವಣೆ. ಇಲ್ಲಿಯ ಗ್ರೂಪುಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಇಂಗ್ಲಿಷ್ ಎಲ್ಲವೂ ಬೆರೆತೇ ಹರಿಯುತ್ತವೆ. ಯಾರು ಯಾರ ಜೊತೆ ಯಾವ ಭಾಷೆಯಲ್ಲಿ ಮಾತನಾಡುತ್ತಾರೆ ಎಂಬುದು ಹೆಚ್ಚುಕಡಿಮೆ ನಿಗದಿಯಾಗಿರುತ್ತದೆ. ಮೂರನೇ ಮಹಡಿಯವರು ನಿಮಗೆ ಸಾಮಾನ್ಯವಾಗಿ ತುಳುವಿನಲ್ಲಿ "ಎಡ್ಡೆ ಆಂಡ್ ಮಾರಾಯ್ರೆ", ಅಂದರೆ ಒಳ್ಳೆಯದಾಯಿತು ಮಾರಾಯ್ರೆ, ಎಂದು ಬರೆಯುವವರಾಗಿದ್ದು, ಅಂದು ಒಮ್ಮೆಲೇ "ತಿಳಿಸಿದ್ದಕ್ಕೆ ಧನ್ಯವಾದಗಳು" ಎಂಬ ಶಿಷ್ಟ ಕನ್ನಡಕ್ಕೆ ಏರಿದ್ದರೆ, ಆ ಎತ್ತರವೇ ಅವರ ಸಿಟ್ಟಿನ ಅಳತೆ. ಸಲುಗೆಯ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಮರ್ಯಾದೆಯನ್ನು ಹೆಚ್ಚಿಸುವುದು ನಮ್ಮಲ್ಲಿ ಮುನಿಸಿನ ಹಳೆಯ ರೀತಿ. ಫೋನಿಗಿಂತ ಬಹಳ ಹಿಂದಿನದು.

🙄 ಕುರಿತು ಒಂದು ತಾಂತ್ರಿಕ ಸಂಗತಿ ಮುಖ್ಯ. ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜಿನ ಮೇಲೆಯೇ ಪ್ರತಿಕ್ರಿಯೆ ಒತ್ತುವ ಸೌಲಭ್ಯ 2022ರ ಮೇ ತಿಂಗಳಲ್ಲಿ ಬಂದಾಗ ಇದ್ದದ್ದು ಆರೇ ಎಮೋಜಿಗಳು, ಅವುಗಳಲ್ಲಿ 🙄 ಇರಲಿಲ್ಲ. ಅದೇ ವರ್ಷ ಜುಲೈಯಲ್ಲಿ ಎಲ್ಲ ಎಮೋಜಿಗಳಿಗೂ ಅವಕಾಶ ಕೊಟ್ಟ ಮೇಲೆಯೇ ಕಣ್ಣು ಹೊರಳಿಸಿ ಸುಮ್ಮನಿರುವ ಈ ಪದ್ಧತಿ ಸಾಧ್ಯವಾದದ್ದು. ಪ್ರತಿಕ್ರಿಯೆ ಅಂಟಿಕೊಳ್ಳುವುದು ಇಡೀ ಮೆಸೇಜಿಗೆ. ಅದು ಮೆಸೇಜಿನ ಯಾವ ಭಾಗಕ್ಕೆ, ಅಥವಾ ಬರೆದವರಿಗೇ, ಎಂದು ಸೂಚಿಸಲು ಉಪಾಯವಿಲ್ಲ. ಬೇಸಿಗೆಯಲ್ಲಿ ತುಂಬೆ ಕಿಂಡಿ ಅಣೆಕಟ್ಟಿನ ನೀರಿನ ಮಟ್ಟ ಇಳಿದು ನಗರಕ್ಕೆ ನೀರು ಕಡಿತವಾಗುವುದು ಮಂಗಳೂರಿನವರಿಗೆ ಹೊಸತಲ್ಲ. "ಮತ್ತೆ ಶುರುವಾಯಿತಾ ಇದು" ಎಂಬ ಉದ್ಗಾರವೂ 🙄 ಆಗಬಹುದು, "ಈಗ ಹೇಳುತ್ತೀರಾ" ಎಂಬುದೂ ಆಗಬಹುದು, "ಸಹಕರಿಸಬೇಕು" ಎಂಬ ನಿಮ್ಮ ಮಾತಿಗೆ ಬಂದದ್ದೂ ಆಗಬಹುದು. ಅದೇ ವ್ಯಕ್ತಿ ಪಾಲಿಕೆಯ ಪ್ರಕಟಣೆಯನ್ನು ಬೇರೆ ಯಾರಾದರೂ ಹಂಚಿದಾಗಲೂ 🙄 ಒತ್ತುತ್ತಾರೆಯೇ ಎಂದು ಗಮನಿಸಿ. ಒತ್ತಿದರೆ ನೀವು ಗುರಿಯಲ್ಲ.

ಇನ್ನು ನಿಮ್ಮದೇ ಮೆಸೇಜಿನ 🙂. ಕೋರಿಕೆ ಅಥವಾ ಆಜ್ಞೆಯ ಕೊನೆಗೆ ಬಂದ ಈ ಮುಖವನ್ನು ಕಿರಿಯರು ಓದುವುದು "ಬೇಕು ಅಂದಿದ್ದೇನೆ, ಮತ್ತೆ ಮಾತಿಲ್ಲ" ಎಂದು. ಮೂರನೇ ಮಹಡಿಯವರು ಅದೇ ಚಿತ್ರವನ್ನು ನಿಮಗೆ ಮರಳಿಸಿದ್ದು ಆಕಸ್ಮಿಕವಲ್ಲ ಎಂದು ನನ್ನ ಊಹೆ. ನೀವು ಸೌಜನ್ಯವೆಂದು ಹಾಕಿದ್ದನ್ನು ಅವರು ದರ್ಪವೆಂದು ಓದಿ, ತಾವೂ ಅದನ್ನೇ ಬಳಸಿದ್ದಾರೆ. ಹೀಗೆ ಅಪಾರ್ಥವಾದದ್ದು ನಿಮಗೊಬ್ಬರಿಗೇ ಅಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಅವರ ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ತಮ್ಮ ವ್ಯಂಗ್ಯವನ್ನೂ ಗಂಭೀರ ಮಾತನ್ನೂ ಓದುಗರು ನೂರಕ್ಕೆ ಸುಮಾರು 78 ಬಾರಿ ಸರಿಯಾಗಿ ಗುರುತಿಸುತ್ತಾರೆಂದು ಇಮೇಲ್ ಬರೆದವರು ಅಂದಾಜಿಸಿದ್ದರು. ವಾಸ್ತವದಲ್ಲಿ ಓದಿದವರು ಸರಿಯಾಗಿ ಗುರುತಿಸಿದ್ದು ಸುಮಾರು 56 ಬಾರಿ, ಅಂದರೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಸ್ವಲ್ಪವೇ ಉತ್ತಮ. ಧ್ವನಿಯಲ್ಲಿ ಕೇಳಿಸಿಕೊಂಡವರು ಇದಕ್ಕಿಂತ ಎಷ್ಟೋ ಚೆನ್ನಾಗಿ ಗುರುತಿಸಿದರು.

ಈಗ ಉತ್ತರದ ವಿಷಯ. ಗ್ರೂಪಿನಲ್ಲಿ ಎಲ್ಲರ ಎದುರು "ಇದು ಕೊಂಕೇ?" ಎಂದು ಕೇಳಬೇಡಿ. ಆಗ ಅವರು ನಿರಾಕರಿಸುತ್ತಾರೆ, ಇಬ್ಬರು ಅವರ ಪರವಾಗಿ ಬರುತ್ತಾರೆ, ಚರ್ಚೆ ನೀರಿನಿಂದ ನಿಮ್ಮ ಸ್ವಭಾವದ ಕಡೆಗೆ ತಿರುಗುತ್ತದೆ. ಪ್ರತಿಯಾಗಿ ನೀವೂ ಒಂದು 🙂 ಹಾಕಿದರೆ ಅದಕ್ಕೆ ಕೊನೆಯೇ ಇರುವುದಿಲ್ಲ. ಆ ವಾಕ್ಯದ ಒಳಗಿರುವ ದೂರು ನ್ಯಾಯವಾದದ್ದು: ಸೂಚನೆ ತಡವಾಗಿ ಬಂತು. ಅವರು ಆ ದೂರನ್ನು ನೇರವಾಗಿಯೇ ಹೇಳಿದ್ದಾರೆಂದು ಭಾವಿಸಿ, ಅದಕ್ಕಷ್ಟೇ ಉತ್ತರಿಸಿ: "ಸೂಚನೆ ತಡವಾದದ್ದು ನಿಜ. ನೀರಿನ ಸಮಯ ಬದಲಾಗುವುದು ಇನ್ನು ಮುಂದೆ ನನಗೆ ತಿಳಿದ ಕೂಡಲೇ ಗ್ರೂಪಿನಲ್ಲಿ ಹಾಕುತ್ತೇನೆ, ನೋಟಿಸ್ ಬೋರ್ಡಿನಲ್ಲೂ ಇರುತ್ತದೆ. ಈ ಸಮಯದಿಂದ ತೊಂದರೆಯಾಗುವವರು ನನಗೆ ಫೋನ್ ಮಾಡಿ." ಇದರಲ್ಲಿ ಎಮೋಜಿ ಬೇಡ. ನೀವು ದೂರನ್ನು ಒಪ್ಪಿಕೊಂಡ ಮೇಲೆ ಕೊಂಕಿಗೆ ಆಧಾರ ಉಳಿಯುವುದಿಲ್ಲ, ಅವರು ಬೇಕಿದ್ದರೆ ಈಗ ನೇರವಾಗಿ ಮಾತನಾಡಬಹುದು.

🙄 ಒತ್ತಿದವರಿಗೆ ಗ್ರೂಪಿನಲ್ಲಿ ಏನನ್ನೂ ಹೇಳಬೇಕಾಗಿಲ್ಲ. ಪ್ರತಿಕ್ರಿಯೆಯನ್ನು ಒತ್ತಿದವರೇ ಮತ್ತೆ ತೆಗೆದುಹಾಕಬಹುದು, ನಿಮ್ಮ ಉತ್ತರ ನೋಡಿದ ಮೇಲೆ ಕೆಲವರು ಹಾಗೆ ಮಾಡುವುದೂ ಉಂಟು. ಮೂರನೇ ಮಹಡಿಯವರು ಮಾತ್ರ ಮುಂದಿನ ಸೂಚನೆಗಳಿಗೂ, ಸಕಾಲಕ್ಕೆ ಬಂದವಕ್ಕೂ, ಇದೇ ಧಾಟಿಯಲ್ಲಿ ಬರೆದರೆ ವಿಷಯ ನೀರಿನದ್ದಲ್ಲ ಎಂದಾಯಿತು. ಹಳೆಯ ಪಾರ್ಕಿಂಗ್ ಜಗಳವೋ ಮೇಂಟೆನೆನ್ಸ್ ಲೆಕ್ಕವೋ ಅದರ ಕೆಳಗೆ ಇರಬಹುದು. ಆಗ ಮೆಸೇಜು ಬಿಟ್ಟು ಅವರ ಮನೆಗೆ ಹೋಗಿ, ಎಮೋಜಿಯ ಹೆಸರೆತ್ತದೆ, "ಸಂಘದ ಕೆಲಸದಲ್ಲಿ ನಿಮಗೆ ಯಾವುದು ಸರಿ ಕಾಣುತ್ತಿಲ್ಲ ಹೇಳಿ" ಎಂದು ಕೇಳಿ. ಅವರು ಆಗಲೂ "ಏನಿಲ್ಲ, ಎಲ್ಲ ಸರಿ ಇದೆ" ಎಂದರೆ ನೀವು ಮಾಡಬೇಕಾದದ್ದು ಬೇರೇನೂ ಉಳಿದಿಲ್ಲ, ಅವರ ಮುಂದಿನ 🙂 ಗಳನ್ನು ಓದದೆ ಬಿಟ್ಟರೂ ನಡೆಯುತ್ತದೆ.