ಊರು ಬದಲಾದ ಸಾಲಿಗೆ ತಾನಾಗಿಯೇ ಬಣ್ಣ ಬರುವಂತೆ ಮಾಡುವುದು

ಪ್ರಶ್ನೆ: ಎಕ್ಸೆಲ್‌ನಲ್ಲಿ ಕಬ್ಬು ಸಾಗಿಸಿದ ರೈತರ ಪಟ್ಟಿ ಇದೆ, ಊರಿನ ಪ್ರಕಾರ ಜೋಡಿಸಿದ್ದೇನೆ. ಊರಿನ ಹೆಸರು ಮೇಲಿನ ಸಾಲಿಗಿಂತ ಬೇರೆಯಾದ ಕಡೆಯಲ್ಲೆಲ್ಲ ಸೆಲ್‌ಗೆ ಬಣ್ಣ ಬರಬೇಕು. ಒಂದು ಸಲ ಮಾಡಿ ನೋಡಿದೆ, ಬಣ್ಣ ತಪ್ಪು ಸಾಲಿಗೆ ಬಂತು. ಸರಿಯಾದ ಕ್ರಮ ಯಾವುದು?

ಉತ್ತರ:

ಮಂಡ್ಯದಲ್ಲಿ ಕಬ್ಬಿನ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಇಂತಹ ಪಟ್ಟಿಗಳೊಂದಿಗೆ ನಿತ್ಯದ ಒಡನಾಟವಿದೆ. ನಿಮ್ಮ ಹಾಳೆಯಲ್ಲಿ 1ನೇ ಸಾಲು ತಲೆಬರಹವೆಂದೂ, B ಕಾಲಂನಲ್ಲಿ ಊರು, C ಕಾಲಂನಲ್ಲಿ ರೈತರ ಹೆಸರು, D ಮತ್ತು E ಕಾಲಂಗಳಲ್ಲಿ ಲೋಡಿನ ದಿನಾಂಕ ಹಾಗೂ ತೂಕ ಇವೆಯೆಂದೂ, ಮಾಹಿತಿಯು 600ನೇ ಸಾಲಿನವರೆಗೆ ಇದೆಯೆಂದೂ ಇಟ್ಟುಕೊಳ್ಳುತ್ತೇನೆ.

ಮೊದಲು A2 ಸೆಲ್‌ನ ಮೇಲೆ ಕ್ಲಿಕ್ ಮಾಡಿ, ಅಲ್ಲಿಂದ ಕೆಳಕ್ಕೆ E600ರವರೆಗೆ ಆಯ್ಕೆ ಮಾಡಿಕೊಳ್ಳಿ. ನಂತರ Home ಪಟ್ಟಿಯಲ್ಲಿರುವ Conditional Formatting ಒತ್ತಿ, New Rule ತೆರೆದು, Use a formula to determine which cells to format ಎಂಬ ಕೊನೆಯ ಆಯ್ಕೆಯನ್ನು ಆರಿಸಿ, ಅಲ್ಲಿನ ಪೆಟ್ಟಿಗೆಯಲ್ಲಿ ಈ ಸೂತ್ರವನ್ನು ಬರೆಯಿರಿ:

```
=$B2<>$B1
```

Format ಗುಂಡಿಯನ್ನು ಒತ್ತಿ ತಿಳಿಯಾದ ಒಂದು ಬಣ್ಣವನ್ನು ಆರಿಸಿ OK ಕೊಟ್ಟರೆ ಪ್ರತಿಯೊಂದು ಊರಿನ ಮೊದಲ ಸಾಲಿಗೆ ಬಣ್ಣ ಬರುತ್ತದೆ. ಸಾಲಿಗೆಲ್ಲ ಬೇಡ, ಊರಿನ ಸೆಲ್‌ಗೆ ಮಾತ್ರ ಸಾಕು ಎನ್ನುವುದಾದರೆ B2ರಿಂದ B600ರವರೆಗೆ ಮಾತ್ರ ಆಯ್ಕೆ ಮಾಡಿಕೊಳ್ಳಿ, ಸೂತ್ರ ಅದೇ. 2, 3, 4ನೇ ಸಾಲುಗಳಲ್ಲಿ ಕೆಸ್ತೂರು, 5 ಮತ್ತು 6ರಲ್ಲಿ ಕೊಪ್ಪ, 7ರಲ್ಲಿ ಬೆಸಗರಹಳ್ಳಿ ಎಂದಿದ್ದರೆ 2, 5 ಮತ್ತು 7ನೇ ಸಾಲುಗಳಿಗೆ ಬಣ್ಣ ಬರಬೇಕು. ಇವುಗಳಲ್ಲಿ 2ನೇ ಸಾಲಿಗೆ ಬಣ್ಣ ಬರುವುದು ಅದರ ಮೇಲೆ ತಲೆಬರಹ ಇರುವುದರಿಂದ.

ನಿಮ್ಮ ಬಣ್ಣ ತಪ್ಪು ಸಾಲಿಗೆ ಬಂದದ್ದಕ್ಕೆ ಕಾರಣ ಬಹುಮಟ್ಟಿಗೆ ಸೂತ್ರದಲ್ಲಿ ಇರುವುದಿಲ್ಲ, ಆಯ್ಕೆ ಮಾಡಿದ ರೀತಿಯಲ್ಲಿ ಇರುತ್ತದೆ. ನೀವು ಬರೆದ ಸೂತ್ರವನ್ನು ಎಕ್ಸೆಲ್ ಆ ಕ್ಷಣದಲ್ಲಿ ಸಕ್ರಿಯವಾಗಿರುವ ಒಂದು ಸೆಲ್‌ಗೆ, ಅಂದರೆ ಆಯ್ಕೆಯೊಳಗೆ ಬಿಳಿಯಾಗಿ ಉಳಿದಿರುವ ಸೆಲ್‌ಗೆ, ಸೇರಿದ್ದೆಂದು ತಿಳಿದು ಉಳಿದ ಸಾಲುಗಳಿಗೆ ಅಷ್ಟಷ್ಟೇ ಸರಿಸಿಕೊಂಡು ಅನ್ವಯಿಸುತ್ತದೆ. ಕಾಲಂಗಳ ಮೇಲಿನ ಅಕ್ಷರವನ್ನು ಒತ್ತಿ A ಇಂದ E ವರೆಗಿನ ಕಾಲಂಗಳನ್ನು ಪೂರ್ತಿ ಆಯ್ಕೆ ಮಾಡಿದರೆ ಸಕ್ರಿಯ ಸೆಲ್ A1 ಆಗುತ್ತದೆ. ಆಗ ಮೇಲಿನ ಸೂತ್ರವು 1ನೇ ಸಾಲಿಗೆ ಸೇರಿದ್ದಾಗಿ, ಪ್ರತಿ ಸಾಲೂ ತನ್ನ ಕೆಳಗಿನ ಸಾಲಿನೊಂದಿಗೆ ಹೋಲಿಕೆಯಾಗುತ್ತದೆ. ಇದರ ಗುರುತು ಸ್ಪಷ್ಟವಾಗಿದೆ: ಬಣ್ಣವು ಊರಿನ ಮೊದಲ ಸಾಲಿನ ಬದಲು ಹಿಂದಿನ ಊರಿನ ಕೊನೆಯ ಸಾಲಿನ ಮೇಲೆ ಕೂರುತ್ತದೆ. ಇನ್ನು 600ನೇ ಸಾಲಿನಿಂದ ಮೇಲಕ್ಕೆ ಎಳೆದು ಆಯ್ಕೆ ಮಾಡಿದ್ದರೆ ಸಕ್ರಿಯ ಸೆಲ್ ಅಡಿಯಲ್ಲಿರುವುದರಿಂದ ಬಣ್ಣ ಬರುವ ಜಾಗಕ್ಕೂ ಊರಿಗೂ ಸಂಬಂಧವೇ ಇರುವುದಿಲ್ಲ. A2ರ ಮೇಲೆ ನಿಂತು Manage Rules ತೆರೆದು ನೋಡಿದರೆ ಸೂತ್ರದಲ್ಲಿ ಹತ್ತು ಲಕ್ಷ ದಾಟಿದ ಸಾಲಿನ ಸಂಖ್ಯೆಗಳು ಕಾಣುತ್ತವೆ, ಏಕೆಂದರೆ ಲೆಕ್ಕವು 1ನೇ ಸಾಲಿಗಿಂತ ಮೇಲೆ ಹೋಗಲಾಗದೆ ಹಾಳೆಯ ಕೊನೆಯ ಸಾಲಾದ 1048576ರ ಕಡೆಯಿಂದ ಸುತ್ತಿಕೊಂಡು ಬಂದಿರುತ್ತದೆ. ಎರಡೂ ಸಂದರ್ಭಗಳಲ್ಲಿ ಆ ನಿಯಮವನ್ನು ಅಳಿಸಿ, A2ರಿಂದ ಕೆಳಕ್ಕೆ ಎಳೆದು ಹೊಸದಾಗಿ ಬರೆಯುವುದೇ ಸುಲಭ.

B ಅಕ್ಷರದ ಹಿಂದಿನ ಡಾಲರ್ ಗುರುತನ್ನು ಬಿಡಬೇಡಿ. ಅದಿಲ್ಲದೆ ಐದು ಕಾಲಂಗಳಿಗೂ ನಿಯಮ ಹಾಕಿದರೆ ಹೋಲಿಕೆಯೂ ಕಾಲಂನಿಂದ ಕಾಲಂಗೆ ಸರಿಯುತ್ತಾ ಹೋಗಿ, ದಿನಾಂಕದ ಕಾಲಂ ಪಕ್ಕದ ತೂಕಗಳನ್ನು ಹೋಲಿಸತೊಡಗಿ ಅಲ್ಲಿ ಹೆಚ್ಚುಕಡಿಮೆ ಎಲ್ಲ ಸೆಲ್‌ಗಳಿಗೂ ಬಣ್ಣ ಬಂದುಬಿಡುತ್ತದೆ. ಸಾಲಿನ ಸಂಖ್ಯೆಯ ಹಿಂದೆ ಮಾತ್ರ ಡಾಲರ್ ಇರಬಾರದು.

ಇಷ್ಟಾದ ಮೇಲೂ ಒಂದೇ ಊರಿಗೆ ಎರಡು ಕಡೆ ಬಣ್ಣ ಬಂದರೆ ಸೂತ್ರವನ್ನು ಸಂಶಯಿಸದೆ ಮಾಹಿತಿಯನ್ನು ನೋಡಿ. ಹೆಸರಿನ ಕೊನೆಯಲ್ಲಿ ಯಾರೋ ಸ್ಪೇಸ್ ಒತ್ತಿದ್ದರೆ ಕಣ್ಣಿಗೆ ಎರಡೂ ಕೊಪ್ಪವೇ ಆದರೂ ಎಕ್ಸೆಲ್‌ಗೆ ಅವು ಬೇರೆ ಬೇರೆ ಊರುಗಳು. ಪಟ್ಟಿಯನ್ನು ಜೋಡಿಸಿದಾಗ ಸ್ಪೇಸ್ ಇರುವವು ಗುಂಪಿನ ಕೊನೆಗೆ ಹೋಗಿ ಸೇರುವುದರಿಂದ ಅಲ್ಲಿ ಎರಡನೆಯ ಗಡಿ ಮೂಡುತ್ತದೆ. ಪಕ್ಕದ ಖಾಲಿ ಕಾಲಂನಲ್ಲಿ =LEN(B5) ಎಂದು ಬರೆದು ಕೆಳಗೆ ಎಳೆದರೆ ವ್ಯತ್ಯಾಸ ಸಿಕ್ಕಿಬೀಳುತ್ತದೆ. ಕೊಪ್ಪ ಎಂಬಲ್ಲಿ ನಮಗೆ ಕಾಣುವುದು ಎರಡೇ ಅಕ್ಷರಗಳಾದರೂ ಸ್ವರಚಿಹ್ನೆ ಮತ್ತು ಒತ್ತಕ್ಷರದ ನಡುವಿನ ವಿರಾಮ ಕೂಡ ಎಣಿಕೆಗೆ ಬರುವುದರಿಂದ ಉತ್ತರ ಸಾಮಾನ್ಯವಾಗಿ 5 ಇರುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ, ಒಂದು ಸಾಲಿನಲ್ಲಿ 5, ಮತ್ತೊಂದರಲ್ಲಿ 6 ಬಂದಿದೆಯೇ ಎಂಬುದನ್ನಷ್ಟೇ ಗಮನಿಸಿ.

ಸೂತ್ರವನ್ನೇ ಹೀಗೆ ಬದಲಿಸಿ ಈ ತೊಂದರೆಯನ್ನು ಮರೆಮಾಡಬಹುದು:

```
=TRIM($B2)<>TRIM($B1)
```

ಆದರೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಮುಂದೆ ಊರುವಾರು ಟನ್ ಕೂಡುವಾಗ SUMIF ಆ ಸಾಲುಗಳನ್ನು ಬಿಟ್ಟುಬಿಡುತ್ತದೆ, ಪಿವಟ್ ಟೇಬಲ್‌ನಲ್ಲಿಯೂ ಕೊಪ್ಪ ಎರಡು ಸಲ ಬರುತ್ತದೆ. ಅಂದರೆ ತಪ್ಪಿನ ಬಣ್ಣ ಅಳಿದು ತಪ್ಪು ಮಾತ್ರ ಉಳಿಯುತ್ತದೆ. ಇನ್ನೊಂದು ಕಾಲಂನಲ್ಲಿ TRIM ಬಳಸಿ ಹೆಸರುಗಳನ್ನು ಸ್ವಚ್ಛಗೊಳಿಸಿ, ಅವುಗಳನ್ನು Paste Values ಮೂಲಕ B ಕಾಲಂಗೆ ಹಾಕುವುದು ಮೇಲು. ವೆಬ್ ಪುಟದಿಂದ ನಕಲು ಮಾಡಿ ತಂದ ಪಟ್ಟಿಯಲ್ಲಿ TRIMಗೆ ಜಗ್ಗದ ಬೇರೊಂದು ಬಗೆಯ ಸ್ಪೇಸ್ ಇರುತ್ತದೆ; ಅಲ್ಲಿ =TRIM(SUBSTITUTE(B2,CHAR(160)," ")) ಬೇಕಾಗುತ್ತದೆ.

ಒಬ್ಬ ರೈತರ ಹಲವು ಲೋಡುಗಳು ಒಟ್ಟಿಗೆ ಇರುವ ಪಟ್ಟಿಯಲ್ಲಿ ರೈತರು ಬದಲಾದದ್ದನ್ನೂ ಗುರುತಿಸಬೇಕೆನಿಸಬಹುದು. ಆಗ C ಕಾಲಂ ಒಂದನ್ನೇ ಹೋಲಿಸಿದರೆ ಸಾಲದು. ನಮ್ಮ ಕಡೆ ಬೋರೇಗೌಡ, ಸಿದ್ದೇಗೌಡ ಎಂಬ ಹೆಸರಿನವರು ಊರಿಗೆ ಹಲವರು. ಊರೊಳಗೆ ಸದಸ್ಯ ಸಂಖ್ಯೆಯ ಕ್ರಮದಲ್ಲಿ ಜೋಡಿಸಿದ ಪಟ್ಟಿಯಲ್ಲಿ ಕೆಸ್ತೂರಿನ ಕೊನೆಯ ರೈತರೂ ಕೊಪ್ಪದ ಮೊದಲ ರೈತರೂ ಬೋರೇಗೌಡರೇ ಆಗಿದ್ದರೆ, ಅವರಿಬ್ಬರ ಲೋಡುಗಳು ಒಬ್ಬರದೇ ಎಂಬಂತೆ ಗಡಿಯಿಲ್ಲದೆ ಕೂಡಿಕೊಳ್ಳುತ್ತವೆ. ಆದ್ದರಿಂದ ಎರಡು ಕಾಲಂಗಳನ್ನೂ ಕೇಳುವ ಸೂತ್ರ ಬೇಕು:

```
=OR($B2<>$B1,$C2<>$C1)
```

ಒಂದೇ ಊರಿನ ಇಬ್ಬರು ಬೋರೇಗೌಡರು ಅಕ್ಕಪಕ್ಕ ಬಂದರೆ ಇದೂ ಸೋಲುತ್ತದೆ. ಸದಸ್ಯ ಸಂಖ್ಯೆಯ ಕಾಲಂ ಇದ್ದರೆ C ಬದಲು ಅದನ್ನೇ ಹೋಲಿಸಿ. ಈ ಎರಡನೆಯ ನಿಯಮಕ್ಕೆ ಬಣ್ಣದ ಬದಲು ಮೇಲಂಚಿನ ಗೆರೆಯನ್ನು ಕೊಡಿ. ಒಂದು ನಿಯಮ ಬಣ್ಣವನ್ನೂ ಇನ್ನೊಂದು ಗೆರೆಯನ್ನೂ ಹಾಕುವುದರಿಂದ ಅವು ಒಂದಕ್ಕೊಂದು ಅಡ್ಡಬರುವುದಿಲ್ಲ. ಈ ಸೌಲಭ್ಯದಲ್ಲಿ ದಪ್ಪ ಗೆರೆ ಸಿಗುವುದಿಲ್ಲ, ತೆಳುವಾದದ್ದೇ ಗತಿ.

ಊರಿನ ಹೆಸರನ್ನು ಗುಂಪಿನ ಮೊದಲ ಸಾಲಿನಲ್ಲಿ ಮಾತ್ರ ಬರೆದು ಕೆಳಗೆ ಖಾಲಿ ಬಿಟ್ಟಿರುವ ಪಟ್ಟಿಯಾದರೆ ಹೋಲಿಕೆಯೇ ಬೇಡ, =$B2<>"" ಸಾಕು.

ಕೊನೆಯದಾಗಿ, ಫಿಲ್ಟರ್ ಬಳಸುವಾಗ ಎಚ್ಚರವಿರಲಿ. ಸೂತ್ರದ ಲೆಕ್ಕದಲ್ಲಿ ಮೇಲಿನ ಸಾಲು ಎಂದರೆ ಹಾಳೆಯಲ್ಲಿ ಮೇಲಿರುವ ಸಾಲೇ ಹೊರತು ಕಣ್ಣಿಗೆ ಕಾಣುವ ಸಾಲಲ್ಲ. ಊರಿನ ಮೇಲೆಯೇ ಫಿಲ್ಟರ್ ಹಾಕಿದರೆ ತೊಂದರೆಯಿಲ್ಲ. ದಿನಾಂಕದ ಮೇಲೆ ಹಾಕಿದಾಗ ಕೊಪ್ಪದ ಮೊದಲ ಸಾಲು ಮರೆಯಾದರೆ ಅದರೊಂದಿಗೆ ಬಣ್ಣವೂ ಮರೆಯಾಗಿ, ಕೊಪ್ಪದ ಉಳಿದ ಸಾಲುಗಳು ಕೆಸ್ತೂರಿನವುಗಳ ಕೆಳಗೆ ಗಡಿಯಿಲ್ಲದೆ ನಿಲ್ಲುತ್ತವೆ. ಅಂತಹ ಪಟ್ಟಿಯನ್ನು ಮುದ್ರಿಸಬೇಕಾದಾಗ ಕಾಣುವ ಸಾಲುಗಳನ್ನಷ್ಟೇ ನಕಲು ಮಾಡಿ, ಹೊಸ ಹಾಳೆಯಲ್ಲಿ Paste Special ಒಳಗಿನ Values and number formats ಮೂಲಕ ಅಂಟಿಸಿ, ಅಲ್ಲಿ ಮತ್ತೆ A2ರಿಂದ ಕೆಳಕ್ಕೆ ಆಯ್ಕೆ ಮಾಡಿ ಮೊದಲ ಸೂತ್ರವನ್ನು ಹಾಕಿಕೊಳ್ಳಿ.