ಹಾಡಿನ ಕೆಳಗೆ ಬರೆಯುವ ನಾಲ್ಕು ಸಾಲು

*ಸಂಪಾದಕರಿಗೆ ನಮಸ್ಕಾರ. 'ಮೂಡಲ ಮನೆಯ' ಹಾಡನ್ನು ಮನೆಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿದ್ದೇನೆ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಕರೋಕೆ ಕೇಳಿಕೊಂಡು ಹಾಡಿದ್ದು. ಎತ್ತರಕ್ಕೆ ದನಿ ಹೋಗದ ಕಾರಣ ಟ್ರ್ಯಾಕ್ ಶ್ರುತಿಯನ್ನು ಎರಡು ಸ್ಥಾನ ಇಳಿಸಿಕೊಂಡೆ. ವಿಡಿಯೋ ಕೆಳಗೆ ಹಾಕಲು ಹೀಗೆ ಬರೆದಿದ್ದೇನೆ:*

*"ಎಲ್ಲರಿಗೂ ನಮಸ್ಕಾರ. ನಾನು ದೊಡ್ಡ ಗಾಯಕಿ ಅಲ್ಲ, ಸುಮ್ನೆ ಹವ್ಯಾಸಕ್ಕೆ ಹಾಡುವವಳು. ಗಂಟಲು ಸರಿ ಇರಲಿಲ್ಲ. ತಾಳ ಸ್ವಲ್ಪ ಹಿಂದೆ ಬಿದ್ದಿದೆ, ಕ್ಷಮಿಸಿ. ಜಾನಕಿ ಅಮ್ಮನ ಕಾಲಿನ ಧೂಳಿಗೂ ನಾನು ಸಮ ಅಲ್ಲ. ಆ ಕಾಲದ ಮಾಧುರ್ಯ ಈಗಿನ ಹಾಡುಗಳಲ್ಲಿ ಎಲ್ಲಿದೆ? ಚಿತ್ರ: ಬೆಳ್ಳಿಮೋಡ. ಸಾಹಿತ್ಯ: ಆರ್.ಎನ್. ಜಯಗೋಪಾಲ್. ಕಾಪಿರೈಟ್ ಉಲ್ಲಂಘಿಸುವ ಉದ್ದೇಶವಿಲ್ಲ."*

*ಮಗಳು ಓದಿ ನಕ್ಕಳು. ಅತಿಯಾಯಿತು ಅಂತಾಳೆ. ಆದರೆ ವಿನಯ ಇಲ್ಲದೆ ಹಾಕುವುದು ಹೇಗೆ? ಈ ಹಾಡು ಕಲಿತದ್ದು ನಮ್ಮಮ್ಮನಿಂದ. ಆಗ ನಮ್ಮ ಮನೆ ಸಕ್ಕರೆ ಕಾರ್ಖಾನೆ ಹತ್ತಿರ ಇತ್ತು. ಬೆಳಿಗ್ಗೆ ರೇಡಿಯೋದಲ್ಲಿ ಇದು ಬಂದರೆ ಅಮ್ಮ ಹೂ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು ಜೊತೆಗೆ ಹಾಡುತ್ತಿದ್ದರು. ಅದನ್ನೆಲ್ಲ ಬರೆದರೆ ಉದ್ದವಾಗುತ್ತದೆ ಅಂತ ಬಿಟ್ಟೆ. ತಿದ್ದಿ ಕೊಡುತ್ತೀರಾ?*
*— ಓದುಗರು, ಮಂಡ್ಯ*

ನಮಸ್ಕಾರ. ಮೊದಲು ಹೆಸರುಗಳಿಂದ ಶುರು ಮಾಡೋಣ. ನಿಮ್ಮ ಬರಹದಲ್ಲಿ ತಕ್ಷಣ ತಿದ್ದಲೇಬೇಕಾದದ್ದು ಅದೊಂದೇ.

ಈ ಹಾಡು ಜಯಗೋಪಾಲ್ ಅವರದ್ದಲ್ಲ. ಬೇಂದ್ರೆಯವರ ಕವಿತೆ. ಹೆಸರು 'ಬೆಳಗು', 1932ರಲ್ಲಿ ಬಂದ 'ಗರಿ' ಸಂಕಲನದ್ದು. ಸಿನಿಮಾ ಬಂದದ್ದು 1967ರಲ್ಲಿ. ಅಂದರೆ ಚಿತ್ರಕ್ಕೆ ಬರುವ ಹೊತ್ತಿಗೆ ಕವಿತೆ ಆ ಸಂಕಲನದಲ್ಲಿ ಬಂದು 35 ವರ್ಷವಾಗಿತ್ತು. ಜಯಗೋಪಾಲ್ ಅದೇ ಚಿತ್ರದ ಬೇರೆ ಹಾಡುಗಳನ್ನು ಬರೆದವರು, ಹಾಗಾಗಿ ಅವರ ಹೆಸರು ಇದಕ್ಕೂ ಅಂಟಿಕೊಂಡುಬಿಡುತ್ತದೆ. ಹಳೆಯ ಹಾಡು ಹಾಡುವವರು ಜಾಸ್ತಿ ಎಡವುವುದು ಇಲ್ಲೇ. ಚಿತ್ರದ ಗೀತರಚನೆಕಾರರು ಯಾರು ಅಂತ ನೋಡಿ, ಅದೇ ಹೆಸರನ್ನು ಎಲ್ಲ ಹಾಡಿಗೂ ಹಾಕುತ್ತಾರೆ. ಆದರೆ ಕನ್ನಡದ ಹಳೆಯ ಚಿತ್ರಗಳಲ್ಲಿ ಕವಿಗಳ ಕವಿತೆ ನಡುವೆ ಬಂದು ಕೂರುವುದು ಹೊಸದೇನಲ್ಲ. ಆದ್ದರಿಂದ ಹೆಸರನ್ನು ಚಿತ್ರಕ್ಕೆ ಹುಡುಕಬೇಡಿ, ಹಾಡಿಗೆ ಹುಡುಕಿ.

ಬೇಂದ್ರೆ ಅಂದಮೇಲೆ ಇನ್ನೊಂದು ಕೆಲಸ ಇದೆ. ರೇಡಿಯೋ ಕೇಳಿ ಕಲಿತ ಪದಗಳನ್ನು ಒಮ್ಮೆ ಪುಸ್ತಕದ ಜೊತೆ ಹೋಲಿಸಿಕೊಳ್ಳಿ. ಅವರದು ಧಾರವಾಡದ ಮಾತು. ನಮ್ಮ ಕಡೆಯ ಬಾಯಿಗೆ ಬರುವಾಗ ಒಂದು ದೀರ್ಘ ಕಡಿಮೆಯಾಗುತ್ತದೆ, ಒಂದು ಒತ್ತು ಹಾರಿಹೋಗುತ್ತದೆ. ಕೇಳುವವರಲ್ಲಿ ಒಬ್ಬರಾದರೂ ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದವರು ಇದ್ದೇ ಇರುತ್ತಾರೆ.

ಉಳಿದ ಹೆಸರುಗಳು ಸುಲಭ. ಸಂಗೀತ ವಿಜಯಭಾಸ್ಕರ್, ಗಾಯನ ಎಸ್. ಜಾನಕಿ. ನಿರ್ದೇಶಕರು ಪುಟ್ಟಣ್ಣ ಕಣಗಾಲ್, ನಮ್ಮ ಪಿರಿಯಾಪಟ್ಟಣ ಕಡೆಯವರು. ಕಥೆ ಮೈಸೂರಿನ ತ್ರಿವೇಣಿ ಅವರದು. ಆದರೆ ಈ ಕೊನೆಯ ಎರಡು ಹೆಸರು ಹಾಡಿನ ಕೆಳಗೆ ಬೇಕಿಲ್ಲ. ಅದು ಚಿತ್ರದ ಮಾಹಿತಿಯಾಯಿತು. ಮೈಸೂರಿನ ಅಭಿಮಾನಕ್ಕೆ ನಾನು ಇಲ್ಲಿ ಬರೆದೆ, ಅಷ್ಟೆ.

ಈಗ ಕ್ಷಮೆಯ ವಿಷಯ. ನೀವು ನಾಲ್ಕು ಕಡೆ ತಗ್ಗಿದ್ದೀರಿ. ದೊಡ್ಡ ಗಾಯಕಿ ಅಲ್ಲ, ಗಂಟಲು ಸರಿ ಇಲ್ಲ, ತಾಳ ಹಿಂದೆ, ಧೂಳಿಗೂ ಸಮ ಅಲ್ಲ. ಇದನ್ನು ಓದಿದವರು ಏನು ಮಾಡುತ್ತಾರೆ ಹೇಳಿ. ಹಾಡು ಕೇಳುವ ಬದಲು ತಾಳ ಎಲ್ಲಿ ತಪ್ಪಿದೆ ಅಂತ ಹುಡುಕುತ್ತಾ ಕೂರುತ್ತಾರೆ. ಇಲ್ಲವೇ "ಅಯ್ಯೋ ಹಾಗೆಲ್ಲ ಅನ್ಬೇಡಿ, ಚೆನ್ನಾಗಿದೆ" ಅಂತ ಸಮಾಧಾನ ಹೇಳಬೇಕಾಗುತ್ತದೆ. ಪಾಪ, ಅವರಿಗೆ ಬೇರೆ ದಾರಿಯೇ ಇರುವುದಿಲ್ಲ. ನಿಮ್ಮ ಮಗಳು ನಕ್ಕದ್ದು ಬಹುಶಃ ಇದಕ್ಕೇ.

ಒಂದೊಂದಾಗಿ ನೋಡೋಣ. ಗಂಟಲು ಸರಿ ಇಲ್ಲದಿದ್ದರೆ ಇನ್ನೊಂದು ದಿನ ಹಾಡಬಹುದು. ಇದು ಸಭೆಯ ಕಛೇರಿ ಅಲ್ಲ, ನಿಮ್ಮ ಮನೆ. ಆ ಸಾಲು ಹೋಯಿತು.

ತಾಳದ ವಿಷಯ ಮಾತ್ರ ನನಗೆ ಅನುಮಾನ. ಅದು ನಿಮ್ಮ ತಪ್ಪೇ ಅಲ್ಲದಿರಬಹುದು. ಬ್ಲೂಟೂತ್ ಹೆಡ್‌ಫೋನಿನಲ್ಲಿ ಸಂಗೀತ ಕಿವಿಗೆ ಬರುವುದು ಸ್ವಲ್ಪ ತಡವಾಗಿ. ಸಾಮಾನ್ಯವಾಗಿ ಸೆಕೆಂಡಿನ ಹತ್ತನೇ ಒಂದೆರಡು ಭಾಗ. ನೀವು ಕೇಳಿದ್ದಕ್ಕೆ ಸರಿಯಾಗಿಯೇ ಹಾಡಿರುತ್ತೀರಿ. ಆದರೆ ಆಮೇಲೆ ಟ್ರ್ಯಾಕ್ ಜೊತೆ ಸೇರಿಸಿದಾಗ ದನಿ ಹಿಂದೆ ಬೀಳುತ್ತದೆ. ಕೇಳಿದವರು ಹಾಡುವವರನ್ನೇ ದೂರುತ್ತಾರೆ.

ಯಾವುದು ಯಂತ್ರದ್ದು, ಯಾವುದು ನಮ್ಮದು ಅಂತ ತಿಳಿಯಲು ಒಂದು ದಾರಿ ಇದೆ. ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಾ ನಿಮ್ಮ ರೆಕಾರ್ಡಿಂಗ್ ಕೇಳಿ. ಪ್ರತಿ ಸಾಲೂ ಒಂದೇ ಅಳತೆಯಲ್ಲಿ ತಡವಾಗಿ ಶುರುವಾಗುತ್ತಿದ್ದರೆ ಅದು ಹೆಡ್‌ಫೋನಿನ ಕೆಲಸ. ಪಲ್ಲವಿಯಲ್ಲಿ ಸರಿ ಇದ್ದು ಚರಣದಲ್ಲಿ ಹಿಂದೆ ಬಿದ್ದಿದ್ದರೆ, ಅಥವಾ ಒಂದು ಕಡೆ ಮುಂದೆ ಒಂದು ಕಡೆ ಹಿಂದೆ ಆಗುತ್ತಿದ್ದರೆ, ಅದು ಹಾಡುವವರದ್ದು. ಮೊದಲನೆಯದಾದರೆ ಮತ್ತೆ ಹಾಡಬೇಕಿಲ್ಲ. ದನಿ ಮತ್ತು ಟ್ರ್ಯಾಕ್ ಬೇರೆ ಬೇರೆ ಇದ್ದರೆ ಎಡಿಟಿಂಗ್ ಆ್ಯಪಿನಲ್ಲಿ ದನಿಯ ಪಟ್ಟಿಯನ್ನು ಕೂದಲಷ್ಟು ಎಡಕ್ಕೆ ಸರಿಸಿ. ಪಲ್ಲವಿಯ ಮೊದಲ ಅಕ್ಷರ ಸರಿಯಾಗಿ ಕೂತ ಮೇಲೆ ಕೊನೆಯ ಚರಣವನ್ನೂ ಕೇಳಿ ನೋಡಿ. ಅಲ್ಲೂ ಕೂತಿದ್ದರೆ ಮುಗಿಯಿತು. ಎರಡೂ ಒಂದೇ ಫೈಲಿನಲ್ಲಿ ಬೆರೆತುಹೋಗಿದ್ದರೆ ಹೀಗೆ ಸರಿಸಲು ಆಗುವುದಿಲ್ಲ. ಆಗ ವೈರ್ ಇರುವ ಇಯರ್‌ಫೋನ್ ಹಾಕಿಕೊಂಡು ಮತ್ತೆ ಹಾಡಬೇಕಾಗುತ್ತದೆ. ಮುಂದಿನ ಹಾಡಿಗೂ ವೈರ್ ಇರುವುದನ್ನೇ ಇಟ್ಟುಕೊಳ್ಳಿ. ಸರಿಪಡಿಸಲು ಆಗುವುದನ್ನು ಸರಿಪಡಿಸಿ, ಅದಕ್ಕೆ ಕ್ಷಮೆ ಯಾಕೆ ಕೇಳಬೇಕು?

ಜಾನಕಿಯವರ ವಿಷಯ. ಅವರ ಮೇಲೆ ನಿಮಗಿರುವ ಗೌರವ ನನಗೂ ಇದೆ. 2017ರ ಅಕ್ಟೋಬರಿನಲ್ಲಿ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ವೇದಿಕೆಗೆ ವಿದಾಯ ಹೇಳಿ ಅವರು ಹಾಡಿದ್ದನ್ನು ಮೈಸೂರಿನವರು ಈಗಲೂ ಮಾತಾಡಿಕೊಳ್ಳುತ್ತಾರೆ. ಆದರೆ ನಿಮ್ಮನ್ನು ಅವರ ಜೊತೆ ಹೋಲಿಸಿದವರು ಯಾರು? ಯಾರೂ ಇಲ್ಲ. ಹೋಲಿಕೆಯನ್ನು ನೀವೇ ತಂದು, ನೀವೇ ಸೋಲುತ್ತಿದ್ದೀರಿ. "ಮೂಲ ಗಾಯನ: ಎಸ್. ಜಾನಕಿ" ಅಂತ ಬರೆದರೆ ಗೌರವ ಸಂದಿತು. 'ಮೂಲ' ಅನ್ನುವಲ್ಲಿಯೇ ನಿಮ್ಮದು ಮೂಲವಲ್ಲ ಅನ್ನುವುದೂ ಬಂತು.

ಶ್ರುತಿ ಇಳಿಸಿದ್ದನ್ನು ಮಾತ್ರ ಖಂಡಿತ ಬರೆಯಿರಿ. ವಿಚಿತ್ರ ನೋಡಿ, ನಿಜವಾಗಿ ಹೇಳಬೇಕಾದ ಆ ಮಾತನ್ನು ನೀವು ನನಗೆ ಹೇಳಿದ್ದೀರಿ, ಕೇಳುಗರಿಗೆ ಹೇಳಿಲ್ಲ. ಮೂಲ ಹಾಡು ಕಿವಿಯಲ್ಲಿ ಇರುವವರಿಗೆ ಶುರುವಿನಲ್ಲೇ ಏನೋ ಬೇರೆ ಅನಿಸುತ್ತದೆ. ಕಾರಣ ತಿಳಿದರೆ ನಿರಾಳ. ಜೊತೆಗೆ ಹಾಡಿಕೊಳ್ಳಬೇಕು ಅನ್ನುವವರಿಗೂ ಉಪಯೋಗ. ಆ್ಯಪಿನಲ್ಲಿ `-2` ಅಂತ ತೋರಿಸಿದ್ದರೆ ತೊಂದರೆ ಇಲ್ಲ. ಅದಕ್ಕಿಂತ ತುಂಬಾ ಕೆಳಗೆ ಹೋದರೆ ಟ್ರ್ಯಾಕಿನಲ್ಲಿರುವ ಕೊಳಲು, ತಂತಿ ವಾದ್ಯಗಳ ದನಿ ದಪ್ಪವಾಗಿ, ಶೀತವಾದ ಮೂಗಿನಿಂದ ಬಂದ ಹಾಗೆ ಕೇಳುತ್ತದೆ. ಹಾಗೇನಾದರೂ ಆಗಿದ್ದರೆ ಟ್ರ್ಯಾಕನ್ನೇ ಬಿಟ್ಟು ಬರಿ ತಂಬೂರಿ ಶ್ರುತಿಗೆ ಹಾಡಿ. ಈ ಹಾಡು ಅದಕ್ಕೆ ಒಗ್ಗುತ್ತದೆ ಅಂತ ನನ್ನ ಅಭಿಪ್ರಾಯ.

ಇನ್ನು ನೆನಪು. "ಆ ಕಾಲದ ಮಾಧುರ್ಯ ಈಗ ಎಲ್ಲಿದೆ" ಅನ್ನುವ ಸಾಲನ್ನು ದಯವಿಟ್ಟು ತೆಗೆಯಿರಿ. ಅದನ್ನು ಯಾರು ಬೇಕಾದರೂ ಯಾವ ಹಾಡಿನ ಕೆಳಗೆ ಬೇಕಾದರೂ ಬರೆಯಬಹುದು. ಮೇಲಾಗಿ ಕೆಳಗಡೆ ಹಳೇ ಹಾಡು ಹೊಸ ಹಾಡು ಜಗಳ ಶುರುವಾಗುತ್ತದೆ, ನಿಮ್ಮ ಹಾಡನ್ನು ಎಲ್ಲರೂ ಮರೆಯುತ್ತಾರೆ. ಉದ್ದವಾಗುತ್ತದೆ ಅಂತ ನೀವು ಬಿಟ್ಟಿರಲ್ಲ, ಅಮ್ಮ ಹೂ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು ಹಾಡುತ್ತಿದ್ದದ್ದು, ಅದನ್ನು ನೀವೊಬ್ಬರೇ ಬರೆಯಬಲ್ಲಿರಿ. ಬೆಳಗಿನ ಹಾಡನ್ನು ಬೆಳಗಿನ ಹೊತ್ತಿನಲ್ಲೇ ಕಲಿತಿದ್ದೀರಿ ಬೇರೆ. ಅದನ್ನು ಎತ್ತಿ ತೋರಿಸಬೇಡಿ, ಓದುವವರಿಗೆ ತಾನಾಗಿ ತಿಳಿಯುತ್ತದೆ. ಯಾವ ರೇಡಿಯೋ ಕೇಂದ್ರ ಅಂತ ನೆನಪಿದ್ದರೆ ಹೆಸರು ಸೇರಿಸಿ. ನೆನಪಿಲ್ಲದಿದ್ದರೆ ಬರಿ ರೇಡಿಯೋ ಸಾಕು.

ಅದನ್ನು ಮೊಟ್ಟಮೊದಲು ಇಡಿ. ಫೋನಿನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದನ್ನು ಒತ್ತಿ ಬಿಡಿಸಬೇಕು. ನಿಮ್ಮದರಲ್ಲಿ ಆ ಜಾಗವನ್ನು "ಎಲ್ಲರಿಗೂ ನಮಸ್ಕಾರ, ನಾನು ದೊಡ್ಡ ಗಾಯಕಿ ಅಲ್ಲ" ತಿಂದುಹಾಕಿದೆ.

ನಿಮ್ಮದೇ ಮಾತುಗಳನ್ನು ಜೋಡಿಸಿ ನಾನು ಬರೆದದ್ದು ಇದು:

"ಬೆಳಿಗ್ಗೆ ರೇಡಿಯೋದಲ್ಲಿ ಈ ಹಾಡು ಬಂದರೆ ಅಮ್ಮ ಹೂ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು ಜೊತೆಗೆ ಹಾಡುತ್ತಿದ್ದರು. ಮಂಡ್ಯದಲ್ಲಿ, ಸಕ್ಕರೆ ಕಾರ್ಖಾನೆ ಹತ್ತಿರದ ಮನೆಯಲ್ಲಿ. ಅವರಿಂದ ಕಲಿತದ್ದನ್ನು ಮನೆಯಲ್ಲೇ ಫೋನಿನಲ್ಲಿ ಹಾಡಿದ್ದೇನೆ. ನನ್ನ ದನಿಗೆ ಹೊಂದಲಿ ಅಂತ ಶ್ರುತಿ ಎರಡು ಸ್ಥಾನ ಇಳಿಸಿದೆ.

ಕವಿತೆ: ದ.ರಾ. ಬೇಂದ್ರೆ ('ಬೆಳಗು')
ಸಂಗೀತ: ವಿಜಯಭಾಸ್ಕರ್
ಮೂಲ ಗಾಯನ: ಎಸ್. ಜಾನಕಿ
ಚಿತ್ರ: ಬೆಳ್ಳಿಮೋಡ (1967)"

ಕರೋಕೆ ಯಾರು ಮಾಡಿದ್ದೋ ಅವರ ಹೆಸರನ್ನು ಕೊನೆಗೆ ಸೇರಿಸಿ. ಯಾರೋ ಕೂತು ನುಡಿಸಿದ್ದಾರೆ, ಅವರನ್ನು ಮರೆಯುವುದು ಸರಿಯಲ್ಲ. ಇಡೀ ಬರಹದಲ್ಲಿ 'ನಾನು' ಅನ್ನುವುದು ಎಷ್ಟು ಕಡಿಮೆಯಾಗಿದೆ ನೋಡಿ. ನಿಮಗೆ ಬೇಕಿದ್ದ ವಿನಯ ಇದೇ ಅಲ್ವಾ?

ಕೊನೆಯದಾಗಿ ಕಾಪಿರೈಟ್. "ಉಲ್ಲಂಘಿಸುವ ಉದ್ದೇಶವಿಲ್ಲ" ಅಂತ ಬರೆದರೆ ಕಾನೂನಿನಲ್ಲಿ ಏನೂ ರಕ್ಷಣೆ ಸಿಗುವುದಿಲ್ಲ. ಹೆಸರು ಹಾಕುವುದು ಮರ್ಯಾದೆ, ಅನುಮತಿ ಬೇರೆ ವಿಷಯ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆ ಹೋದದ್ದು 1981ರಲ್ಲಿ, ಹಾಗಾಗಿ 2041ರ ಕೊನೆವರೆಗೂ ಕವಿತೆಗೆ ಹಕ್ಕುದಾರರು ಇದ್ದಾರೆ. ರಾಗ ಸಂಯೋಜನೆಯ ಹಕ್ಕು ಅದರಿಂದ ಬೇರೆ, ಕರೋಕೆ ಟ್ರ್ಯಾಕಿನದು ಇನ್ನೂ ಬೇರೆ. ಟ್ರ್ಯಾಕ್ ಮಾಡಿದವರು ಬಳಸಲು ಏನು ಷರತ್ತು ಹಾಕಿದ್ದಾರೆ ಅಂತ ಮೊದಲೇ ಓದಿಕೊಳ್ಳಿ.

ಇಂಥ ಮನೆಯ ಹಾಡುಗಳಿಗೆ ಸಾಮಾನ್ಯವಾಗಿ ಆಗುವುದು ಇಷ್ಟು. ಹಕ್ಕುದಾರರ ಹೆಸರಿನಲ್ಲಿ ಒಂದು ಸೂಚನೆ ಬರುತ್ತದೆ, ಜಾಹೀರಾತಿನಿಂದ ಹಣ ಬಂದರೆ ಅವರಿಗೆ ಹೋಗುತ್ತದೆ. ಕೆಲವೊಮ್ಮೆ ವಿಡಿಯೋ ಕಾಣದಂತೆ ತಡೆಯುತ್ತಾರೆ, ಇಲ್ಲವೇ ದನಿ ತೆಗೆಯುತ್ತಾರೆ. ನೀವು ಹಣಕ್ಕೆ ಹಾಕುತ್ತಿಲ್ಲವಾದ್ದರಿಂದ ಸೂಚನೆ ಬಂದರೆ ಗಾಬರಿಯಾಗಬೇಡಿ. "ನನ್ನದೇ ಹಾಡು" ಅಂತ ತಕರಾರು ಹಾಕಲೂ ಹೋಗಬೇಡಿ. ದನಿ ನಿಮ್ಮದು, ಹಾಡು ನಿಮ್ಮದಲ್ಲ. ಸೋತ ತಕರಾರಿನಿಂದ ನಿಮ್ಮ ಖಾತೆಗೇ ಪೆಟ್ಟು ಬೀಳಬಹುದು. ತೆಗೆಯಿರಿ ಅಂದರೆ ತೆಗೆದುಬಿಡಿ, ಮೂಲ ಫೈಲನ್ನು ಮಾತ್ರ ಫೋನಿನಲ್ಲಷ್ಟೇ ಅಲ್ಲದೆ ಇನ್ನೊಂದು ಕಡೆಯೂ ಉಳಿಸಿಕೊಂಡಿರಿ.